ಮಾತಾಡಿಸುವ ಕಾಗದ: ನೀನು, ನೀವು, ತಾವು

ಹಡಗಲಿ ಕಡೆಯ ಹಳ್ಳಿಯೊಂದರಲ್ಲಿದ್ದ ನಮ್ಮ ಸೋದರಮಾವನ ಹೆಂಡತಿ ತೀರಿಕೊಂಡಾಗ ನಾನು ಬೆಂಗಳೂರಿನಲ್ಲಿ ಓದುತ್ತಿದ್ದೆ. ಪರೀಕ್ಷೆಗಳು ನಡೆದಿದ್ದವು, ಮಣ್ಣಿಗೆ ಹೋಗಲಾಗಲಿಲ್ಲ. ಒಂದು ಇನ್‌ಲ್ಯಾಂಡ್ ಲೆಟರ್ ತಂದು, ಗೊತ್ತಿದ್ದ ದೊಡ್ಡ ಮಾತುಗಳನ್ನೆಲ್ಲ ಒಟ್ಟುಮಾಡಿ, ‘ತೀರ್ಥರೂಪ ಸಮಾನರಾದ ಮಾವನವರ ಸನ್ನಿಧಾನಕ್ಕೆ’ ಎಂದು ಶುರುಮಾಡಿ, ‘ತಾವು ಧೈರ್ಯ ತಂದುಕೊಳ್ಳಬೇಕಾಗಿ ವಿನಂತಿ’ ಎಂದು ಮುಗಿಸಿದೆ. ಹುಟ್ಟಿದಾಗಿನಿಂದ ಆ ಮಾವನನ್ನು ‘ಮಾವ, ನೀ ಬಾ’, ‘ಮಾವ, ನೀ ಉಣ್ಣು’ ಎಂದೇ ಕರೆದವನು ನಾನು. ಎರಡು ತಿಂಗಳ ಮೇಲೆ ಊರಿಗೆ ಹೋದಾಗ ಅವನು ಹೇಳಿದ್ದು ಇಷ್ಟೇ: ‘ಕಾಗದ ಬಂತು. ಕೈಬರಹ ನೋಡಿ ನಿಂದು ಅಂತ ಗೊತ್ತಾತು. ಮಾತು ಮಾತ್ರ ನಿಂದಾಗಿರಲಿಲ್ಲ.’

ಮಾವನಿಗೆ ಗೌರವ ಕೊಡಬೇಕೆಂದೇ ಹಾಗೆ ಬರೆದಿದ್ದೆ. ಅವನು ಅದನ್ನು ದೂರ ಎಂದು ಓದಿಕೊಂಡ. ಅಂದಿನಿಂದ ಸಾವಿನ ಮನೆಗೆ ಬರೆಯುವ ಪ್ರತಿ ಕಾಗದದ ಮೊದಲ ಸಾಲಿನ ಮುಂದೆ ನಾನು ನಿಲ್ಲುತ್ತೇನೆ. ಇಲ್ಲಿ ಯಾರು ಯಾರಿಗೆ ಏನಾಗಬೇಕು, ಆ ಸಂಬಂಧಕ್ಕೆ ಯಾವ ರೂಪ ಹೊಂದುತ್ತದೆ ಎಂದು ಕೇಳಿಕೊಳ್ಳುತ್ತೇನೆ.

ನಮ್ಮ ಕಡೆ, ಎಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಸೀಮೆಯಲ್ಲಿ, ಸತ್ತವರ ಮನೆಗೆ ಹೋಗಿ ಬರುವುದಕ್ಕೆ ‘ಮಾತಾಡಿಸಿಕೊಂಡು ಬರೋದು’ ಎನ್ನುತ್ತಾರೆ. ಸಾಂತ್ವನ, ಸಂತಾಪ ಎಂಬ ಮಾತುಗಳು ಬಂದದ್ದು ಪತ್ರಿಕೆಯಿಂದ, ಆಫೀಸಿನಿಂದ. ಮಾತಾಡಿಸುವುದು ಎಂದರೆ ಎದುರಿಗೆ ಕೂತು ಅವರ ಬಾಯಿಂದ ಮಾತು ಹೊರಡುವಂತೆ ಮಾಡುವುದು. ಹೋಗಲಾಗದವನ ಕಾಗದವೂ ಅದೇ ಕೆಲಸ ಮಾಡಬೇಕು. ಗುಳೆ ಹೋಗುವ ಸೀಮೆ ಇದು. ಕಾಫಿ ತೋಟಕ್ಕೆ, ಕಬ್ಬು ಕಡಿಯಲಿಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದವರಿಗೆ ಮಣ್ಣಿಗೆ ಬಂದು ಮುಟ್ಟಲು ಆಗದೇ ಇರುವುದು ಹೊಸತಲ್ಲ. ಹಾಗಾಗಿ ಬರೆದು ಮಾತಾಡಿಸುವ ಕಷ್ಟವೂ ಇಲ್ಲಿ ಹಳೆಯದು.

ಕಾಗದ ಬರೆಯುವುದೇ ಒಂದು ಹುದ್ದೆಯಾಗಿದ್ದ ಕಾಲವೂ ಇತ್ತು. ವಿಜಯನಗರದ ಅರಸರ ಕಾಲದಲ್ಲಿ ಬರವಣಿಗೆಯ ಅಧಿಕಾರಿಗೆ ರಾಯಸ ಎನ್ನುತ್ತಿದ್ದರು. ಆ ಹೆಸರು ಮನೆತನದ ಹೆಸರಾಗಿ ಉಳಿಯಿತು. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರ ಪೂರ್ತಿ ಹೆಸರು ರಾಯಸಂ ಭೀಮಸೇನರಾವ್. ಅರಸನಿಂದ ಸಾಮಂತನಿಗೆ ಹೋಗುವ ಕಾಗದದಲ್ಲಿ ಸಂಬೋಧನೆಯ ಪಾಲೇ ದೊಡ್ಡದು, ಅದು ತಪ್ಪಿದರೆ ವಿಷಯವೇ ತಪ್ಪಿದಂತೆ. ನಮ್ಮ ಶಾಲೆಯ ಪತ್ರಲೇಖನದ ಪಾಠದಲ್ಲಿ ತೀರ್ಥರೂಪ, ಮಾತೃಶ್ರೀ, ಚಿರಂಜೀವಿ, ಸಾಷ್ಟಾಂಗ ನಮಸ್ಕಾರ ಎಂದು ಕಲಿಸಿದ್ದರಲ್ಲೂ ಆ ದರ್ಬಾರಿನ ನೆರಳಿದೆ ಎಂದು ನನಗೆ ಅನಿಸುತ್ತದೆ. ಊರಿಂದ ದೂರವಿದ್ದ ಮಗ ದುಡ್ಡಿಗಾಗಿ ತಂದೆಗೆ ಬರೆಯುವಾಗ ಅದು ನಡೆಯುತ್ತಿತ್ತು. ಸಾವಿನ ಕಾಗದದಲ್ಲಿ ಅದು ಭಾರ.

ಬಾಯಿಮಾತಿನಲ್ಲಿ ನಮ್ಮವರ ಲೆಕ್ಕ ಬೇರೆ ಇದೆ. ಅವ್ವ, ಅಜ್ಜ, ಅಜ್ಜಿ, ಅಕ್ಕ, ಸೋದರಮಾವ, ಇವರೆಲ್ಲ ಎಷ್ಟೇ ಹಿರಿಯರಾದರೂ ಎಷ್ಟೋ ಮನೆಗಳಲ್ಲಿ ‘ನೀ’. ‘ಯಜ್ಜಾ, ಉಂಡ್ಯಾ?’ ಎಂದು ಮೊಮ್ಮಗ ಕೇಳಿದರೆ ಅದರಲ್ಲಿ ಅಗೌರವ ಇಲ್ಲ. ಹೆಂಡತಿಯ ತಂದೆ, ಮೇಷ್ಟ್ರು, ಅಯ್ನೋರು, ಊರಿನ ಹಿರೇರು ‘ನೀವು’. ಅದೂ ಬಹಳ ಸಲ ‘ನೀವು’ ಎಂಬ ಮಾತೇ ಬರುವುದಿಲ್ಲ. ‘ಬರ್ರಿ’, ‘ಹೌದ್ರಿ’, ‘ಇಲ್ರಿ’ ಎಂದು ಕೊನೆಯ ‘ರಿ’ಯೇ ಗೌರವವನ್ನೆಲ್ಲ ಹೊರುತ್ತದೆ. ಹರಪನಹಳ್ಳಿಯಿಂದ ಕೂಡ್ಲಿಗಿಗೆ ಬರುವಷ್ಟರಲ್ಲಿ ಈ ರಾಗ ಅಲ್ಲಿಷ್ಟು ಇಲ್ಲಿಷ್ಟು ಬದಲಾಗುತ್ತದೆ. ಒಂದು ಕಡೆ ಧಾರವಾಡದ ಗಾಳಿ, ಇನ್ನೊಂದು ಕಡೆ ಚಿತ್ರದುರ್ಗದ್ದು, ಬಳ್ಳಾರಿಯ ಕಡೆಯಿಂದ ತೆಲುಗಿನದು. ‘ತಾವು’ ಮಾತ್ರ ಎಲ್ಲಿಯೂ ಮನೆಯ ಮಾತಲ್ಲ. ಅದನ್ನು ಕೇಳುವುದು ಮಠದಲ್ಲಿ, ಸಭೆಯ ಮೈಕಿನಲ್ಲಿ, ಅರ್ಜಿಯಲ್ಲಿ.

ಕಾಗದದ ತೊಡಕು ಹುಟ್ಟುವುದು ಇಲ್ಲಿಯೇ. ಬರೆಯಲು ಕೂತಾಗ ಆ ‘ರಿ’ ಕೈಗೆ ಸಿಗುವುದಿಲ್ಲ. ‘ಹೌದ್ರಿ’ ಎಂದು ಬರೆಯಲು ಹಿಂಜರಿಕೆ, ಬರಿಯ ‘ನೀವು’ ಸಾಲದೇನೋ ಎಂಬ ಅಳುಕು, ಹಾಗಾಗಿ ಕೈ ‘ತಾವು’ ಎಂಬಲ್ಲಿಗೆ ಹಾರುತ್ತದೆ. ಓದುವವರಿಗೆ ಅದು ತಾವು ಎಂದೂ ಕೇಳದ ದನಿ. ಹಾರಿದ ಕೈ ಅಲ್ಲಿ ನಿಲ್ಲುವುದೂ ಇಲ್ಲ. ಮೊದಲ ಸಾಲಿನಲ್ಲಿ ‘ತಾವು’, ನಡುವೆ ‘ನೀವು’, ದುಃಖ ಉಕ್ಕಿದ ಕಡೆ ‘ನಿನ್ನ ಅವ್ವ’. ಒಂದೇ ಕಾಗದದಲ್ಲಿ ಮೂರೂ ಇದ್ದರೆ, ಬರೆದವನು ಪುಸ್ತಕದ ಸಾಲೊಂದನ್ನು ಎತ್ತಿಟ್ಟುಕೊಂಡು ಆಮೇಲೆ ತನ್ನ ಮಾತಿಗೆ ಬಂದಿದ್ದಾನೆ ಎಂದು ಕಣ್ಣಿಗೆ ಕಾಣುತ್ತದೆ. ಬರೆದ ಮೇಲೆ ಸರ್ವನಾಮಗಳನ್ನಷ್ಟೇ ಒಂದು ಸಲ ಓದಿಕೊಂಡು ಹೋದರೆ ಇದು ಸಿಕ್ಕಿಬೀಳುತ್ತದೆ.

1960ರಲ್ಲಿ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಎಂಬಿಬ್ಬರು ಯುರೋಪಿನ ಭಾಷೆಗಳ ನೀನು–ನೀವುಗಳನ್ನು ಕುರಿತು ಬರೆದ ಪ್ರಬಂಧ ಹೆಸರಾಯಿತು. ಆ ಆಯ್ಕೆಯ ಹಿಂದೆ ಎರಡು ಎಳೆಗಳಿವೆ, ಒಂದು ಮೇಲು–ಕೆಳಗಿನದು, ಇನ್ನೊಂದು ಹತ್ತಿರ–ದೂರದ್ದು ಎಂದು ಅವರು ತೋರಿಸಿದರು. ಮಾವನಿಗೆ ಬರೆದ ಕಾಗದದಲ್ಲಿ ನಾನು ಮೇಲು–ಕೆಳಗನ್ನು ಮಾತ್ರ ನೋಡಿದ್ದೆ. ಸಾವಾದ ಮನೆಯಲ್ಲಿ ಕೂತವನಿಗೆ ಬೇಕಾದದ್ದು ಹತ್ತಿರ. ಎದುರಿಗೆ ಕೂತು ಮಾತಾಡಿಸಿದ್ದರೆ ಬಾಯಿಗೆ ಏನು ಬರುತ್ತಿತ್ತೋ ಅದೇ ಕಾಗದಕ್ಕೂ ಸರಿ ಎಂಬುದು ಓದುವವರ ಮಟ್ಟಿಗೆ ನನ್ನ ಖಚಿತ ಅಭಿಪ್ರಾಯ.

ಆದರೆ ಸಾವಿನ ಕಾಗದದಲ್ಲಿ ಇನ್ನೊಬ್ಬರು ಇರುತ್ತಾರೆ, ತೀರಿಕೊಂಡವರು. ಅವರ ಲೆಕ್ಕ ಓದುವವರ ಲೆಕ್ಕಕ್ಕಿಂತ ಬೇರೆ. ಓದುವ ಗೆಳೆಯ ‘ನೀನು’ ಆಗಿರಬಹುದು, ಅವನ ತಂದೆ ‘ಅವರು’. ಕನ್ನಡದಲ್ಲಿ ಸರ್ವನಾಮ ಬಿಟ್ಟರೂ ಕ್ರಿಯಾಪದದ ಕೊನೆ ಬಿಡುವುದಿಲ್ಲ. ಹೋದ, ಹೋದಳು, ಹೋದರು ಎಂದು ಅದು ಎಲ್ಲವನ್ನೂ ಹೇಳಿಬಿಡುತ್ತದೆ. ಗೆಳೆಯ ತನ್ನ ತಾಯಿಯ ಬಗ್ಗೆ ‘ನಮ್ಮವ್ವ ಹೋದ್ಳಪ್ಪ’ ಎಂದು ಫೋನಿನಲ್ಲಿ ಅಳುತ್ತಾನೆ. ಅದನ್ನೇ ತಿರುಗಿಸಿ ‘ನಿಮ್ಮವ್ವ ಹೋದಳೆಂದು ತಿಳಿದು’ ಎಂದು ಬರೆಯುವ ಹಕ್ಕು ಎಲ್ಲರಿಗೂ ಇಲ್ಲ. ಮಗನ ಏಕವಚನ ಅವನ ಹೊಕ್ಕುಳಬಳ್ಳಿಯದು. ಆ ಅವ್ವ ನನಗೂ ಅವ್ವನಾಗಿದ್ದರೆ ಮಾತ್ರ ನಾನು ಅದನ್ನು ಮುಟ್ಟಬಹುದು.

ಸಾವಿನ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುವುದನ್ನು ಕೇಳಿದವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಅಲ್ಲಿ ತೀರಿಕೊಂಡ ಗೌಡರಿಗೂ, ಮಾವನಿಗೂ, ಬದುಕಿದ್ದಾಗ ಎದುರು ನಿಂತು ಮಾತಾಡದ ಸೊಸೆಯೂ ‘ನೀ’ ಎಂದೇ ಅಳುತ್ತಾಳೆ. ದೇವರಿಗೆ ನಾವು ‘ನೀನು’ ಎನ್ನುತ್ತೇವೆ, ಹೆಣವಾದ ಹಿರಿಯರಿಗೂ ‘ನೀನು’ ಎನ್ನುತ್ತೇವೆ. ಇದು ಆ ಹೊತ್ತಿನ ಮಾತು, ಹೆಣದ ಮುಂದಿನ ಮಾತು. ಮೂರು ದಿನ ಕಳೆದ ಮೇಲೆ ಅದೇ ಸೊಸೆ ‘ನಮ್ಮ ಮಾವಾರು’ ಎನ್ನುತ್ತಾಳೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ ತೀರಿಕೊಂಡಾಗ ಊರೂರಲ್ಲಿ ನಿಂತ ಫ್ಲೆಕ್ಸುಗಳಲ್ಲಿ ‘ಮತ್ತೆ ಹುಟ್ಟಿ ಬಾ ಅಪ್ಪು’ ಎಂದಿತ್ತು. ಯಾರೂ ಅದನ್ನು ಅಗೌರವ ಎನ್ನಲಿಲ್ಲ. ಅದು ಹಾಡಿಕೊಂಡು ಅಳುವ ಮಾತಿನ ಜಾತಿಗೆ ಸೇರಿದ್ದು. ಆದರೆ ಕಾಗದ ಸತ್ತವರಿಗೆ ಹೋಗುವುದಿಲ್ಲ, ಉಳಿದವರಿಗೆ ಹೋಗುತ್ತದೆ. ಅಲ್ಲಿ ತೀರಿಕೊಂಡ ಹಿರಿಯರಿಗೆ ‘ಅವರು’ ಬೇಕು. ಕೂಸು ತೀರಿಕೊಂಡ ಮನೆಗೆ ಬರೆಯುವಾಗ ಮಾತ್ರ ಇದು ತಿರುಗುಮುರುಗು. ಮೂರು ವರ್ಷದ ಮಗುವಿಗೆ ‘ಅವರು ಅಗಲಿದ್ದು’ ಎಂದು ಬರೆದರೆ ತಾಯಿಯ ಎದೆಗೆ ಚುಚ್ಚುತ್ತದೆ. ಕೂಸು ಕೂಸೇ, ಹೆಸರು ಹಿಡಿದೇ ಬರೆಯಬೇಕು.

ಏಕವಚನಕ್ಕೂ ಬಹುವಚನಕ್ಕೂ ಒಗ್ಗದ ಸಂಬಂಧಗಳೂ ಇವೆ. ‘ನೀನು’ ಎಂದರೆ ಸಲಿಗೆ ಹೆಚ್ಚಾಯಿತು, ‘ನೀವು’ ಎಂದರೆ ದೂರವಾಯಿತು ಎನ್ನುವಂಥವು. ಅಂಥಲ್ಲಿ ಕನ್ನಡವೇ ದಾರಿ ಕೊಟ್ಟಿದೆ. ‘ಇಲ್ಲ’ ಎಂಬ ಮಾತಿಗೆ ಲಿಂಗವೂ ಇಲ್ಲ, ವಚನವೂ ಇಲ್ಲ. ‘ಅವ್ವ ಇನ್ನಿಲ್ಲ ಎಂದು ತಿಳಿಯಿತು’ ಎಂಬ ಸಾಲಿನಲ್ಲಿ ಅವ್ವ ಹೋದಳೋ ಹೋದರೋ ಹೇಳಬೇಕಾಗಿಲ್ಲ. ‘ಬೇಕು’, ‘ಬಾರದು’ ಕೂಡ ಹಾಗೆಯೇ. ‘ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು’ ಎಂದರೆ ಅಪ್ಪನಿಗೂ ಒಪ್ಪುತ್ತದೆ, ತಮ್ಮನಿಗೂ ಒಪ್ಪುತ್ತದೆ. ‘ಮಾಡು’ ಎಂದರೆ ಕಿರಿಯರಿಗೆ, ‘ಮಾಡಿರಿ’ ಎಂದರೆ ಹಿರಿಯರಿಗೆ ಎಂದು ಹಂಚಿಹೋಗುತ್ತದೆ. ‘ಸಮಾಧಾನ ಸಿಗಲಿ’ ಎಂಬಲ್ಲಿಯ ‘ಲಿ’ಯೂ ಯಾರನ್ನೂ ಮೇಲೆ ಕೆಳಗೆ ಕೂಡಿಸುವುದಿಲ್ಲ. ಹಳೆಯ ಮಂದಿ ಹಿರಿಯರಿಗೆ ಬರೆಯುವಾಗ ‘ಬೇಕು’ ಎಂಬುದನ್ನೇ ಹೆಚ್ಚು ಹಿಡಿದದ್ದಕ್ಕೆ ಇದೇ ಕಾರಣ ಇರಬೇಕು.

‘ತೀರಿಕೊಂಡ’ ಎಂಬ ಮಾತನ್ನು ಮಾತ್ರ ಎಚ್ಚರದಿಂದ ಇಡಬೇಕು. ‘ನಿಮ್ಮ ತಂದೆ ತೀರಿಕೊಂಡ ಸುದ್ದಿ’ ಎಂಬಲ್ಲಿ ಅದು ‘ಸುದ್ದಿ’ಗೆ ಅಂಟಿಕೊಂಡ ಕೃದಂತ, ಅದರಲ್ಲಿ ವಚನವಿಲ್ಲ, ಸಂಪೂರ್ಣ ಗೌರವದ್ದೇ. ‘ನಿಮ್ಮ ತಂದೆ ತೀರಿಕೊಂಡ ಎಂದು ಕೇಳಿ’ ಎಂದು ಬರೆದ ಕೂಡಲೇ ಅದು ಏಕವಚನದ ಕ್ರಿಯಾಪದವಾಯಿತು. ಒಂದು ಅಕ್ಷರವೂ ಬದಲಾಗದೆ ತಂದೆ ಕೆಳಗಿಳಿದುಬಿಟ್ಟರು. ಕಾಗದ ಓದಿಸಿಕೊಂಡು ಕೇಳುವ ಮನೆಗಳಲ್ಲಿ ಇದು ಕಿವಿಗೆ ಥಟ್ಟನೆ ಹತ್ತುತ್ತದೆ.

ಸಾವಿಗೆ ಯಾವ ಮಾತು ಬಳಸಬೇಕು ಎಂಬುದೂ ಸಂಬೋಧನೆಯ ಇನ್ನೊಂದು ಮಗ್ಗುಲು. ಲಿಂಗಾಯತರ ಮನೆಗೆ ಲಿಂಗೈಕ್ಯರಾದರು, ಶಿವಾಧೀನರಾದರು ಎಂಬ ಮಾತು ಸಹಜ. ಲಿಂಗದಲ್ಲಿ ಒಂದಾದವರ ಆತ್ಮಕ್ಕೆ ಶಾಂತಿ ಬಯಸುವುದು ಏಕೆ ಎಂದು ಕೇಳುವ ಹಿರಿಯರನ್ನು ನಾನು ಕಂಡಿದ್ದೇನೆ, ಅವರ ಮಾತಿನಲ್ಲಿ ಹುರುಳಿದೆ. ಆ ಮನೆಯಿಂದ ಬಂದ ಶಿವಗಣಾರಾಧನೆಯ ಕಾರ್ಡಿನಲ್ಲಿ ಅವರೇ ಯಾವ ಮಾತು ಬಳಸಿದ್ದಾರೋ ನೋಡಿ ಬರೆದರೆ ತಪ್ಪುವುದಿಲ್ಲ. ಏನೂ ತಿಳಿಯದಿದ್ದರೆ ‘ತೀರಿಕೊಂಡರು’ ಎಲ್ಲರ ಮನೆಗೂ ಸಲ್ಲುತ್ತದೆ, ದರ್ಗಾದ ಹಿಂದಿನ ಓಣಿಗೂ, ತಾಂಡಾಕ್ಕೂ.

ಹಳೆಯ ಕಾಗದದ ರೂಢಿಯಲ್ಲಿ ಕೈ ತಾನಾಗಿ ಬರೆದುಬಿಡುವ ಕೆಲವು ಮಾತುಗಳಿವೆ. ‘ಇಲ್ಲಿ ಎಲ್ಲರೂ ಕ್ಷೇಮ’ ಎಂಬುದು ಅದರಲ್ಲೊಂದು. ಸಾವಿನ ಮನೆಗೆ ನಮ್ಮ ಕ್ಷೇಮದ ವರದಿ ಬೇಡ. ಇನ್ನೊಂದು ಹೆಂಗಸರ ಹೆಸರಿನ ಹಿಂದೆ ಬರುವ ‘ಸೌ.’ ಗಂಡನನ್ನು ಕಳೆದುಕೊಂಡು ನಾಲ್ಕು ದಿನವಾದ ಚಿಗವ್ವನಿಗೆ ಬಂದ ಕಾಗದದ ಮೇಲೆ ಹಳೆಯ ಅಭ್ಯಾಸದಿಂದ ‘ಸೌ.’ ಎಂದು ಬರೆದಿದ್ದನ್ನು ಕಂಡು ಅವರು ಕಾಗದ ಒಡೆಯದೆ ಪಕ್ಕಕ್ಕಿಟ್ಟದ್ದನ್ನು ನಾನು ನೋಡಿದ್ದೇನೆ. ಅದನ್ನು ತೆಗೆದು ಏನು ಹಾಕಬೇಕೆಂಬ ಗೊಂದಲದಲ್ಲಿ ಕೆಲವರು ಬರಿಯ ಹೆಸರು ಬರೆಯುತ್ತಾರೆ. ಅದೂ ಬೋಳಾಗಿ ಕಾಣುತ್ತದೆ. ಬಂಧುವಾಚಕವೇ ಇದಕ್ಕೆ ಉತ್ತರ: ‘ಚಿಗವ್ವನವರಿಗೆ’, ‘ಅತ್ತೆಯವರಿಗೆ’, ‘ಅಕ್ಕನಿಗೆ’. ಗಂಡ ಹೋದರೂ ಅವರು ನಮಗೆ ಚಿಗವ್ವನೇ.

ಇಷ್ಟೆಲ್ಲ ಬರೆದ ಮೇಲೆ ಮುಚ್ಚಿಡಬಾರದ ಮಾತೊಂದಿದೆ. ನಮ್ಮ ಹಳ್ಳಿಗಳಲ್ಲಿ ‘ನೀವು’ ಎಂಬುದು ವಯಸ್ಸಿನಿಂದ ಮಾತ್ರ ಬಂದದ್ದಲ್ಲ. ಹತ್ತು ವರ್ಷದ ಜಂಗಮರ ಹುಡುಗನಿಗೆ ಎಪ್ಪತ್ತರ ಮುದುಕ ‘ಅಯ್ನೋರೆ, ಬರ್ರಿ’ ಎನ್ನುತ್ತಾನೆ. ಅದೇ ಓಣಿಯ ಆಚೆ, ಕೇರಿಯ ಎಪ್ಪತ್ತರ ಮುದುಕನಿಗೆ ಗೌಡರ ಮನೆಯ ಹತ್ತು ವರ್ಷದ ಹುಡುಗ ‘ಬಾರೋ, ಹೋಗೋ’ ಎನ್ನುತ್ತಿದ್ದ. ಇವತ್ತಿಗೂ ಅನ್ನುವವರಿದ್ದಾರೆ. ಆ ಮುದುಕ ತೀರಿಕೊಂಡಾಗ, ಓದಿ ನೌಕರಿ ಹಿಡಿದ ಅವನ ಮಗನಿಗೆ ಬರೆಯುವ ಕಾಗದದಲ್ಲಿ ಈ ಎರಡೂ ಲೆಕ್ಕಗಳು ಎದುರುಬದುರಾಗುತ್ತವೆ. ನಮ್ಮ ಹೊಲದಲ್ಲಿ ನಲವತ್ತು ವರ್ಷ ದುಡಿದ ಹಿರಿಯರೊಬ್ಬರ ಮಗನಿಗೆ ನಾನೂ ಬರೆಯಬೇಕಾಯಿತು. ಅವನು ನನ್ನ ಓರಗೆಯವನು, ಚಿಕ್ಕಂದಿನಲ್ಲಿ ‘ಲೇ’ ಎಂದು ಕರೆದಾಡಿದವರು ನಾವು. ಅವನ ತಂದೆಯನ್ನು ನಮ್ಮ ಮನೆಯಲ್ಲಿ ಎಲ್ಲರೂ ಹೆಸರು ಹಿಡಿದೇ ಕರೆಯುತ್ತಿದ್ದರು, ನಾನೂ. ‘ನಿಮ್ಮಪ್ಪನ ಜೊತೆ ನನಗಿದ್ದ ಸಲಿಗೆ’ ಎಂದು ಬರೆದು ಅದನ್ನು ಹೊಡೆದುಹಾಕಿದೆ. ಅದು ಸಲಿಗೆ ಆಗಿರಲಿಲ್ಲ. ಸಲಿಗೆ ಎಂದರೆ ಎರಡೂ ಕಡೆಯಿಂದ ಇರಬೇಕು, ಅವರು ನನ್ನನ್ನು ‘ಸಣ್ಣ ಗೌಡ್ರೆ, ಬರ್ರಿ’ ಎನ್ನುತ್ತಿದ್ದರು. ‘ನಿಮ್ಮ ತಂದೆಯವರು ನನಗೆ ಕುಂಟೆ ಹೊಡೆಯುವುದನ್ನು ಕಲಿಸಿದವರು’ ಎಂದು ಬರೆದೆ. ಅವನಿಗೂ ‘ನೀವು’ ಎಂದೇ ಬರೆದೆ. ಇದು ನಾನು ಮೇಲೆ ಹೇಳಿದ, ಬಾಯಿಗೆ ಬಂದದ್ದನ್ನೇ ಬರೆಯಬೇಕೆಂಬ ಮಾತಿಗೆ ವಿರುದ್ಧ. ಬಾಯಿಯ ರೂಢಿಯೇ ತಪ್ಪಿದ್ದ ಕಡೆ ಕಾಗದ ಅದನ್ನು ಅನುಸರಿಸಬಾರದು ಎಂದು ನಾನು ನಂಬುತ್ತೇನೆ.

ಇನ್ನು ಒಂದೇ ಸಾವಿಗೆ ಬರೆದ ಮೂರು ಕಾಗದಗಳ ಮಾತು. ಹಗರಿಬೊಮ್ಮನಹಳ್ಳಿ ತಾಲೂಕಿನ ಹಳ್ಳಿಯೊಂದರ ಅವ್ವ ಅವರು. ನಾನು ಹಾಸ್ಟೆಲಿನಲ್ಲಿದ್ದ ಮೂರು ವರ್ಷ ಭಾನುವಾರಗಳಂದು ರೊಟ್ಟಿ ಬಡಿದು ಉಣ್ಣಿಸಿದವರು. ಅವರ ಯಜಮಾನರಿಗೆ ಆಗ ಎಂಬತ್ತು ದಾಟಿತ್ತು. ಹಿರಿಯ ಮಗ ನನಗಿಂತ ಐದು ವರ್ಷ ದೊಡ್ಡವರು, ಹೈಸ್ಕೂಲಿನ ಹೆಡ್‌ಮಾಸ್ಟರು. ಮಗಳು ನನ್ನ ಕ್ಲಾಸಿನವಳು.

ಯಜಮಾನರಿಗೆ ಹೀಗೆ ಬರೆದೆ: ‘ಯಜಮಾನರಿಗೆ ನಮಸ್ಕಾರ. ಅವ್ವನವರು ತೀರಿಕೊಂಡ ಸುದ್ದಿ ನಿನ್ನೆ ಸಂಜೆ ತಿಳಿಯಿತು. ಅವರ ಕೈಯ ರೊಟ್ಟಿ ಉಂಡು ಓದಿದವನು ನಾನು. ಇಷ್ಟು ವರ್ಷ ಜೊತೆಗಿದ್ದವರು ಇಲ್ಲದ ಮನೆಯಲ್ಲಿ ನೀವು ಹೇಗಿದ್ದೀರೋ ಎಂದು ಮನಸ್ಸು ಕೇಳುತ್ತಿದೆ. ಮೊದಲಿನಂತೆ ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಅಮಾವಾಸ್ಯೆಯೊಳಗೆ ಬಂದು ಕಾಣುತ್ತೇನೆ.’ ಇದರಲ್ಲಿ ‘ತಾವು’ ಇಲ್ಲ. ‘ಯಜಮಾನರು’ ಎಂಬ ಕರೆಯಲ್ಲಿಯೇ ನನ್ನ ಗೌರವವೆಲ್ಲ ಬಂದಿತ್ತು. ಅವರೆದುರು ಅವರ ಹೆಂಡತಿಯನ್ನು ಬರಿ ‘ಅವ್ವ’ ಎನ್ನದೆ ‘ಅವ್ವನವರು’ ಎಂದೆ. ಎಂಬತ್ತು ದಾಟಿದವರಿಗೆ ಧೈರ್ಯ ತಂದುಕೊಳ್ಳಿ ಎಂದು ಹೇಳುವ ವಯಸ್ಸು ನನ್ನದಲ್ಲ. ಊಟದ ಮಾತು ಯಾವ ವಯಸ್ಸಿನವರಾದರೂ ಹೇಳಬಹುದು.

ಹೆಡ್‌ಮಾಸ್ಟರಿಗೆ ಬರೆಯುವುದು ಕಷ್ಟವಾಯಿತು. ಮನೆಯಲ್ಲಿ ಅವರನ್ನು ಅಣ್ಣ ಎನ್ನುತ್ತಿದ್ದೆ, ಊರಲ್ಲಿ ‘ಸರ’. ‘ಮಾನ್ಯರೇ’ ಎಂದು ಬರೆದರೆ ಅರ್ಜಿಯಾಗುತ್ತಿತ್ತು. ‘ಅಣ್ಣನವರಿಗೆ’ ಎಂದು ಶುರುಮಾಡಿ, ಉದ್ದಕ್ಕೂ ‘ನೀವು’ ಎಂದೆ, ‘ನಿಮ್ಮ ತಾಯಿಯವರು’ ಎನ್ನದೆ ಇಲ್ಲಿಯೂ ‘ಅವ್ವನವರು’ ಎಂದೆ. ಮೇಲಿನವರಿಗೆ ಬರೆಯುವಾಗ ಆಫೀಸಿನ ಹೆಸರು ಒಂದು, ಮನೆಯ ಹೆಸರು ಒಂದು ಇದ್ದರೆ ಸಾವಿನ ಕಾಗದಕ್ಕೆ ಮನೆಯದನ್ನು ಆರಿಸಬೇಕು. ಮನೆಯ ಹೆಸರೇ ಇಲ್ಲದಿದ್ದರೆ ‘ಸರ್’ ಎಂದೇ ಬರೆದು ನೇರ ವಿಷಯಕ್ಕೆ ಬರುವುದು ‘ಗೌರವಾನ್ವಿತ’ಕ್ಕಿಂತ ಮೇಲು.

ಮಗಳಿಗೆ ಕಾಗದವಲ್ಲ, ಫೋನಿನಲ್ಲಿ ಮೆಸೇಜು. ‘ಓಂ ಶಾಂತಿ’ಗಳ ಸಾಲಿನಲ್ಲಿ ಇನ್ನೊಂದಾಗಬಾರದೆಂದು ಬೇರೆಯಾಗಿ ಕಳಿಸಿದೆ: ‘ಅವ್ವ ಇಲ್ಲ ಅಂತ ಗೊತ್ತಾದಾಗಿನಿಂದ ನಿಂದೇ ಯೋಚನೆ. ಭಾನುವಾರ ಅಂದ್ರೆ ನನಗಿನ್ನೂ ಅವ್ವನ ರೊಟ್ಟಿ ಸಪ್ಪಳ. ಅಳು ಬಂದ್ರ ಅತ್ತುಬಿಡು. ನಾಳೆ ಸಂಜೆ ಫೋನ್ ಮಾಡ್ತೀನಿ, ಮಾತಾಡ್ಬೇಕನಿಸಿದ್ರ ಎತ್ತು.’ ಇಲ್ಲಿ ‘ನೀವು’ ಬಂದಿದ್ದರೆ ನಲವತ್ತು ವರ್ಷ ಸುಳ್ಳಾಗುತ್ತಿತ್ತು. ಅವ್ವನ ವಿಷಯದಲ್ಲಿ ಮಾತ್ರ ಕ್ರಿಯಾಪದ ಎಲ್ಲಿಯೂ ಬಾರದ ಹಾಗೆ ನೋಡಿಕೊಂಡೆ. ‘ಇಲ್ಲ’ ಎಂದೆ, ‘ಹೋದಳು’ ಎನ್ನಲಿಲ್ಲ. ಮೊದಲು ಅವಳು ಅನ್ನಲಿ ಎಂದು ಕಾದೆ.

ಒಂದು ವಾರದ ಮೇಲೆ ಅವಳ ಉತ್ತರ ಬಂತು. ‘ಅವ್ವ ಆಸ್ಪತ್ರ್ಯಾಗ ನಿನ್ನ ಹೆಸರು ಹಿಡಿದು ಕೇಳಿದ್ಳು, ಆ ಹಾಸ್ಟೆಲ್ ಹುಡುಗ ಎಲ್ಲಿದಾನ ಅಂತ.’ ಅವಳಿಗೆ ನಾನು ಮರಳಿ ಬರೆದದ್ದರಲ್ಲಿ ಅವ್ವ ನನಗೂ ‘ಕೇಳಿದ್ಳು’ ಆದಳು.